ಜಾಮೀನು ಹಾಕಿ ಸಾಲ ಕಟ್ಟಿದಿರಾ? ಹಣ ವಾಪಸ್ ಪಡೆಯುವುದು ಹೀಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯವರೊಬ್ಬರು ಸಹಕಾರ ಸಂಘದಲ್ಲಿ 3 ಲಕ್ಷ ಸಾಲ ತೆಗೆದರು ಅನ್ನಿ. ಗೂಡ್ಸ್ ಆಟೋವನ್ನು ಆಧಾರವಾಗಿ ಬರೆದುಕೊಟ್ಟರು. ಪಕ್ಕದ ಭಟ್ಟಿಯ ಗೆಳೆಯರು ಜಾಮೀನು ಹಾಕಿದರು. ಕಂತು ನಿಂತಿತು. 2,10,000 ರೂಪಾಯಿ ಬಾಕಿ ಕಟ್ಟಿ ಎಂಬ ನೋಟಿಸ್ ಗೆಳೆಯರ ಮನೆಗೆ ಬಂತು.

"ಮೊದಲು ಅವನನ್ನು ಕೇಳಿ" ಅಂದರೆ ಸಂಘ ಒಪ್ಪಬೇಕಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ.

ಇದನ್ನು ಇಂಡೆಮ್ನಿಟಿ ಜೊತೆ ಕಲಸಬೇಡಿ. ಠೇವಣಿ ರಸೀದಿ ಕಳೆದಾಗ ಬ್ಯಾಂಕಿನವರು ಇಂಡೆಮ್ನಿಟಿ ಬಾಂಡ್ ಬರೆಸಿಕೊಳ್ಳುತ್ತಾರೆ, ಅಲ್ವಾ? ಅಲ್ಲಿರುವುದು ಇಬ್ಬರೇ. "ನಿಮಗೆ ನಷ್ಟವಾದರೆ ನಾನು ತುಂಬಿಕೊಡುತ್ತೇನೆ" ಎಂಬ ಒಂದೇ ಮಾತು. ಹೊಣೆ ನೇರವಾಗಿ ನಿಮ್ಮದು. ಜಾಮೀನಿನಲ್ಲಿ ಮೂವರಿದ್ದಾರೆ, ಸಾಲ ಇನ್ನೊಬ್ಬರದು. ಅದಕ್ಕೇ 145ನೇ ಕಲಂ ಜಾಮೀನಿನ ಒಳಗೇ ಒಂದು ಇಂಡೆಮ್ನಿಟಿ ಇಟ್ಟಿದೆ. ಸಾಲಗಾರ ಬಾಯಿಬಿಟ್ಟು ಹೇಳದಿದ್ದರೂ, ಜಾಮೀನುದಾರ ನ್ಯಾಯವಾಗಿ ಕಟ್ಟಿದ್ದನ್ನು ತುಂಬಿಕೊಡುವ ಮಾತು ಕೊಟ್ಟಂತೆಯೇ.

"ನ್ಯಾಯವಾಗಿ" ಎಂಬ ಮಾತು ಮುಖ್ಯ. ಕಟ್ಟುವ ಮುಂಚೆ ಸಾಲದ ಖಾತೆಯ ಪಟ್ಟಿ ಮತ್ತು ನೀವು ಸಹಿ ಹಾಕಿದ ಜಾಮೀನು ಪತ್ರದ ನಕಲು ತರಿಸಿಕೊಳ್ಳಿ. ಕಟ್ಟಬೇಕಿಲ್ಲದ ಬಡ್ಡಿಯನ್ನು ಸುಮ್ನೆ ಕಟ್ಟಿದರೆ ಅದು ವಾಪಸ್ ಬರುವುದಿಲ್ಲ.

ಆಟೋದ ಆರ್‌ಸಿಯನ್ನೂ ನೋಡಿ. ಸಂಘದ ಹೆಸರು ಅದರಲ್ಲಿ ಇನ್ನೂ ಇದೆಯಾ? ಗೆಳೆಯರನ್ನು ಕೇಳದೆ ಸಂಘ ಎನ್‌ಒಸಿ ಕೊಟ್ಟು, ಸಾಲಗಾರ 60,000 ಬೆಲೆಯ ಆಟೋ ಮಾರಿದ್ದರೆ, 141ನೇ ಕಲಂ ಪ್ರಕಾರ ಗೆಳೆಯರ ಹೊಣೆಯಿಂದ ಅಷ್ಟು ಕಳೆಯುತ್ತದೆ. ಉಳಿಯುವುದು 1,50,000. ಈ ಹಕ್ಕು ಬಿಟ್ಟುಕೊಡುವ ಸಾಲು ಅಚ್ಚಾದ ಫಾರಂನಲ್ಲೇ ಇರಬಹುದು, ಅದನ್ನು ಓದಿಯೇ ವಾದಕ್ಕಿಳಿಯಿರಿ.

ಹಣವನ್ನು ನಿಮ್ಮ ಖಾತೆಯಿಂದಲೇ ಕಟ್ಟಿ. ಜಾಸ್ತಿ ಜನ ಎಡವುವುದು ಇಲ್ಲೇ. ನಗದು ಕಟ್ಟಿ, ಸಾಲಗಾರನ ಹೆಸರಿಗೆ ರಸೀದಿ ತಂದರೆ, ನಾಳೆ ಅವನು "ನಾನೇ ಕಟ್ಟಿದ್ದು" ಅನ್ನಬಹುದು. ರಸೀದಿಯಲ್ಲಿ "ಜಾಮೀನುದಾರರಾದ ಇಂಥವರಿಂದ" ಎಂದು ಬರೆಸಿಕೊಳ್ಳಿ.

ನಿಮ್ಮ ಹೊಣೆಯಷ್ಟೂ ತೀರಿದ ಮೇಲೆ 140ನೇ ಕಲಂ ನಿಮ್ಮನ್ನು ಸಂಘದ ಜಾಗದಲ್ಲಿ ನಿಲ್ಲಿಸುತ್ತದೆ. ಸಾಲಗಾರನ ಮೇಲೆ ಸಂಘಕ್ಕಿದ್ದ ಹಕ್ಕು ನಿಮಗೆ ಬರುತ್ತದೆ. ಆಟೋ ಇನ್ನೂ ಆಧಾರವಾಗಿ ಉಳಿದಿದ್ದರೆ, ಅದರ ಮೇಲಿನ ಹಕ್ಕು ಮತ್ತು ಕಾಗದಪತ್ರ ವಹಿಸಿಕೊಡಿ ಎಂದು ಸಂಘಕ್ಕೆ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿ.

ಆಮೇಲೆ ಸಾಲಗಾರನಿಗೆ ವಕೀಲರ ಮೂಲಕ ನೋಟಿಸ್. ಗೆಳೆತನ ಕೆಡುತ್ತದೆ ಎಂದು ಮುಂದೂಡುತ್ತಾ ಕೂತವರನ್ನು ಕಂಡಾಗ ಸಂಕಟವಾಗುತ್ತದೆ. ಸಿವಿಲ್ ದಾವೆ ಹೂಡಲು ಇರುವುದು ಮೂರೇ ವರ್ಷ, ಅದೂ ನೀವು ಹಣ ಕಟ್ಟಿದ ದಿನದಿಂದ.