ಯೋಗ ಬ್ಯಾಚಿನ ಪ್ರಕಟಣೆ ಬರೆಯುತ್ತಿದ್ದೀರಾ? ಮೊದಲು ‘ಮಾಯ’ ಅನ್ನುವ ಪದ ಅಳಿಸಿ

‘ಬೆನ್ನುನೋವು, ಶುಗರ್, ಥೈರಾಯ್ಡ್: 21 ದಿನಗಳಲ್ಲಿ ಮಾಯ!’ ಯೋಗ ಕಲಿಸುವ ಗೆಳತಿಯೊಬ್ಬರು ತಮ್ಮ ಹೊಸ ಆನ್‌ಲೈನ್ ಬ್ಯಾಚಿಗೆ ಬರೆದಿದ್ದ ಮೊದಲ ಸಾಲು ಇದು. ಪಾಠ ಮಾತ್ರ ಅವರು ಬಹಳ ಚೆನ್ನಾಗಿ ಮಾಡುತ್ತಾರೆ. ಪ್ರಕಟಣೆ ಬರೆಯಲು ಕೂತಾಗ ಯಾಕೋ ಔಷಧ ಮಾರುವವರ ದನಿ ಬಂದುಬಿಡುತ್ತದೆ. ಅದನ್ನು ಇಬ್ಬರೂ ಕೂತು ತಿದ್ದಿದ ಬಗೆ ಹೀಗಿತ್ತು.

ಮೊದಲ ಹಂತ ಸುಲಭ. ಯಾವತ್ತಿನಿಂದ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ, ಎಷ್ಟು ಜನ, ಶುಲ್ಕ ಎಷ್ಟು, ಹೊಸಬರಿಗೋ ಕಲಿತವರಿಗೋ, ಇಷ್ಟನ್ನು ಮೇಲೆಯೇ ಬರೆಯಿರಿ.

ಎರಡನೆಯದು ಪ್ರಯೋಜನದ ಸಾಲುಗಳು. ಎಡವುವುದು ಇಲ್ಲೇ, ಹಾಗಾಗಿ ನಿಧಾನಿಸೋಣ.

ಗೆಳತಿಯನ್ನು ಒಂದೇ ಪ್ರಶ್ನೆ ಕೇಳಿದೆ: ‘ಇದರಲ್ಲಿ ತರಗತಿಯಲ್ಲಿ ನೀವೇ ಕಣ್ಣಾರೆ ಕಂಡದ್ದು ಯಾವುದು?’ ಥೈರಾಯ್ಡ್ ಕಡಿಮೆಯಾದದ್ದನ್ನು ಅವರು ಕಂಡಿರಲಿಲ್ಲ. ಅದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ, ಅಲ್ವಾ? ಸರ್ವಾಂಗಾಸನದಲ್ಲಿ ಗಂಟಲು ಒತ್ತುತ್ತದೆ, ಆದ್ದರಿಂದ ಗ್ರಂಥಿ ಸರಿಹೋಗುತ್ತದೆ ಅನ್ನುವುದು ಬಾಯಿಂದ ಬಾಯಿಗೆ ಬಂದ ಮಾತು. ಆ ಸಾಲು ಹೋಯಿತು.

‘ಶುಗರ್ ಮಾಯ’ವನ್ನು ಅವರು ‘ಶುಗರ್ ನಿಯಂತ್ರಣಕ್ಕೆ ಸಹಕಾರಿ’ ಎಂದು ಬದಲಾಯಿಸಿದರು. ಇದು ಎಲ್ಲರೂ ಹಿಡಿಯುವ ಅಡ್ಡದಾರಿ. ಕಾಯಿಲೆಯ ಹೆಸರು ಇದ್ದಷ್ಟು ಹೊತ್ತೂ ಓದುವವರ ಕಣ್ಣಿಗೆ ಬೀಳುವುದು ಅದೊಂದೇ. ‘ಸಹಕಾರಿ’ ಅನ್ನುವುದನ್ನು ಯಾರೂ ಗಮನಿಸುವುದಿಲ್ಲ. ಮಾತ್ರೆಗೆ ಬದಲು ಇದು ಸಾಕು ಎಂದುಕೊಂಡು ಯಾರಾದರೂ ಮಾತ್ರೆ ಬಿಟ್ಟರೆ? ಆ ಸಾಲೂ ಹೋಯಿತು.

ಬೆನ್ನಿನ ವಿಷಯ ಉಳಿಯಿತು, ಅಳತೆ ಮಾತ್ರ ಬದಲಾಯಿತು. ಬಹುಕಾಲದ ಸೊಂಟನೋವಿನ ಬಗ್ಗೆ ಅಧ್ಯಯನಗಳು ನಡೆದಿವೆ. ಏನೂ ವ್ಯಾಯಾಮ ಮಾಡದವರಿಗಿಂತ ಯೋಗ ಮಾಡಿದವರಿಗೆ ಓಡಾಟ, ಕೆಲಸ ಸ್ವಲ್ಪ ಸುಲಭವಾಗಿದೆ. ಆದರೆ ಬೇರೆ ವ್ಯಾಯಾಮ ಮಾಡಿದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಅದೂ 21 ದಿನದ ಮಾತಲ್ಲ, ತಿಂಗಳುಗಟ್ಟಲೆ ಬಿಡದೆ ಮಾಡಿದ್ದು. ಕೊನೆಗೆ ಉಳಿದ ಸಾಲುಗಳು ಇವು:

‘ದಿನವಿಡೀ ಕೂತು ಕೆಲಸ ಮಾಡಿ ಬಿಗಿಯಾದ ಸೊಂಟ, ತೊಡೆಯ ಹಿಂಭಾಗ, ಭುಜಗಳನ್ನು ನಿಧಾನವಾಗಿ ಸಡಿಲಿಸುವ ಅಭ್ಯಾಸ. ಬಿಡದೆ ಮಾಡಿದರೆ ಬಗ್ಗುವುದು, ಏಳುವುದು ಹಗುರವಾಗಬಹುದು. ಕೊನೆಯ ಹತ್ತು ನಿಮಿಷ ಶವಾಸನ. ಇದು ಚಿಕಿತ್ಸೆಯಲ್ಲ. ವೈದ್ಯರು ಕೊಟ್ಟ ಔಷಧ ಮುಂದುವರಿಸಿ.’

ಕಡೆಯ ಎರಡು ವಾಕ್ಯಗಳೂ ಉಳಿದ ಸಾಲುಗಳಷ್ಟೇ ದೊಡ್ಡ ಅಕ್ಷರದಲ್ಲಿರಲಿ. ಮೇಲೆ ‘ಮಾಯ’ ಅಂದು ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು’ ಅಂದರೆ ಮೇಲಿನದ್ದು ಸುಳ್ಳಾಗದೆ ಇರುವುದಿಲ್ಲ.

ಶಿಷ್ಯರ ಮೆಚ್ಚುಗೆಯ ಮಾತು ಹಾಕುವುದಾದರೂ ಇದೇ ಜರಡಿ. ‘ನನ್ನ ಬಿಪಿ ಮಾತ್ರೆ ನಿಂತೇ ಹೋಯಿತು’ ಎಂದು ಅವರು ಮನಸಾರೆ ಹೇಳಿರಬಹುದು. ನೀವು ಪೋಸ್ಟರಿನಲ್ಲಿ ಹಾಕಿದ ಮೇಲೆ ಅದು ನಿಮ್ಮ ಭರವಸೆ. ‘ಈಗ ನೆಲದ ಮೇಲೆ ಕೂತು ಕೈಯೂರದೆ ಏಳುತ್ತೇನೆ’ ಎಂಬಂಥ ಮಾತು ಆರಿಸಿ. ನನ್ನನ್ನು ಕೇಳಿದರೆ ಅದೇ ಜಾಸ್ತಿ ಸೆಳೆಯುತ್ತದೆ.

ಮೂರನೆಯದು, ಸೇರುವ ಮೊದಲು ಯಾರು ಹೇಳಬೇಕು ಎಂಬುದು. ‘ಆರೋಗ್ಯ ಸಮಸ್ಯೆ ಇದ್ದರೆ ತಿಳಿಸಿ’ ಅಂದರೆ ಯಾರೂ ತಿಳಿಸುವುದಿಲ್ಲ. ಹೆಸರು ಹಿಡಿದು ಕೇಳಿ. ಕಣ್ಣಿನ ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಆಸನ ಮಾಡಿದರೆ ಕಣ್ಣೊಳಗಿನ ಒತ್ತಡ ಏರುತ್ತದೆ. ಹರ್ನಿಯಾ, ಇತ್ತೀಚಿನ ಹೊಟ್ಟೆಯ ಶಸ್ತ್ರಚಿಕಿತ್ಸೆ, ಗರ್ಭಿಣಿಯರು, ಹೆಚ್ಚಿನ ಬಿಪಿ, ಇವರಿಗೆ ಕಪಾಲಭಾತಿ ಬೇಡ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದಾಗ ಸಕ್ಕರೆ ತೀರ ಇಳಿಯಬಹುದು. ಅವರು ಮೊದಲೇ ವೈದ್ಯರನ್ನು ಕೇಳಿ ಬರಲಿ.

ಇನ್ನು ಆನ್‌ಲೈನಿನ ಮಿತಿ. ಪರದೆಯ ಆಚೆಯಿಂದ ಮಂಡಿ ಹಿಡಿದು ತಿದ್ದಲಾಗದು. ‘ಮ್ಯಾಟ್ ಪೂರ್ತಿ ಕಾಣುವಂತೆ ಕ್ಯಾಮೆರಾವನ್ನು ಪಕ್ಕಕ್ಕಿಡಿ; ಕ್ಯಾಮೆರಾ ಮುಚ್ಚಿದವರನ್ನು ತಿದ್ದಲು ಆಗುವುದಿಲ್ಲ’ ಎಂದು ಬರೆದುಬಿಡಿ. ನೂರು ಜನರನ್ನು ಸೇರಿಸಿಕೊಂಡು ‘ವೈಯಕ್ತಿಕ ಗಮನ’ ಎಂದು ಬರೆಯಬೇಡಿ. ಹನ್ನೆರಡಕ್ಕಿಂತ ಹೆಚ್ಚು ಪುಟ್ಟ ಚೌಕಗಳನ್ನು ನಾನಂತೂ ಒಟ್ಟಿಗೆ ನೋಡಲಾರೆ.

ಪೋಸ್ಟರಿಗೆ ಸಿದ್ಧ ಮಾದರಿಗಳು ಬೇಕಾದಷ್ಟು ಸಿಗುತ್ತವೆ. ಬಹುಪಾಲಿನಲ್ಲಿ ಇಪ್ಪತ್ತು ಕಾಯಿಲೆಗಳ ಪಟ್ಟಿ ಮೊದಲೇ ತುಂಬಿರುತ್ತದೆ, ‘ಡಿಟಾಕ್ಸ್’ ಅಂತೂ ಇದ್ದೇ ಇರುತ್ತದೆ. ಬಣ್ಣ ಇಟ್ಟುಕೊಂಡು ಅಕ್ಷರವೆಲ್ಲ ಅಳಿಸಿ.

ಕಳಿಸುವ ಮುನ್ನ ಯೋಗ ಮಾಡದ ಒಬ್ಬರಿಗೆ ಓದಿಸಿ, ‘ಇದರಿಂದ ನಿಮಗೆ ಏನು ವಾಸಿಯಾಗುತ್ತದೆ ಅಂತಿದೆ?’ ಎಂದು ಕೇಳಿ. ಗೆಳತಿಯ ಅತ್ತೆ ಎರಡು ಸಲ ಓದಿ, ‘ವಾಸಿ ಗೀಸಿ ಏನೂ ಇಲ್ಲ, ಮೈ ಬಗ್ಗಿಸೋದು ಕಲಿಸ್ತಾರೆ ಅಂತಿದೆ’ ಅಂದರು. ಆಗ ಕಳಿಸಿದೆವು.