ಸಿದ್ಧಾಂತ ಎರಡನೇ ಅಧ್ಯಾಯಕ್ಕೋ, ಕೊನೆಯ ಅಧ್ಯಾಯಕ್ಕೋ?

ಇಳಕಲ್ಲಿನ ಕೆಲವು ನೇಕಾರ ಮನೆತನಗಳು ಕೈಮಗ್ಗ ಬಿಟ್ಟು ಪವರ್‌ಲೂಮ್ ಹಿಡಿಯುವುದೇಕೆ, ಉಳಿದವು ಹಿಡಿಯದಿರುವುದೇಕೆ? ಪಿಎಚ್.ಡಿ.ಗೆ ಇದೇ ವಿಷಯವನ್ನು ಆರಿಸಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಸಾರಲೇಖ ಬರೆಯುವಾಗ ಮೊದಲು ತೀರ್ಮಾನಿಸಬೇಕಾದದ್ದು ಪ್ರಶ್ನಾವಳಿಯೋ ಸಂದರ್ಶನವೋ ಎಂಬುದನ್ನಲ್ಲ. ಈಗಾಗಲೇ ಇರುವ ಸಿದ್ಧಾಂತವೊಂದನ್ನು ಇಳಕಲ್ಲಿನಲ್ಲಿ ಪರೀಕ್ಷಿಸಲು ಹೊರಟಿದ್ದೀರೋ, ಇಳಕಲ್ಲಿನಲ್ಲಿ ಕಂಡದ್ದರಿಂದ ವಿವರಣೆಯೊಂದನ್ನು ಕಟ್ಟಲು ಹೊರಟಿದ್ದೀರೋ ಎಂಬುದನ್ನು. ಮೊದಲನೆಯದು ನಿಗಮನ ವಿಧಾನ, ಎರಡನೆಯದು ಅನುಗಮನ ವಿಧಾನ. ಪ್ರಬಂಧದಲ್ಲಿ ಸಿದ್ಧಾಂತ ಎಲ್ಲಿ ಕೂರಬೇಕೆಂಬುದು ಈ ತೀರ್ಮಾನದಿಂದಲೇ ನಿರ್ಧಾರವಾಗುತ್ತದೆ.

ನಿಗಮನದ ಹಾದಿ ಹಿಡಿದರೆ ಮೊದಲ ಹೆಜ್ಜೆ ಸಿದ್ಧಾಂತವನ್ನು ಆರಿಸುವುದು. ಹೊಸ ತಂತ್ರಜ್ಞಾನ ಜನರಲ್ಲಿ ಹರಡುವ ಬಗೆಯ ಕುರಿತು ಎವರೆಟ್ ರೋಜರ್ಸ್ 1962ರಲ್ಲಿ ಮಂಡಿಸಿದ ಪ್ರಸರಣ ಸಿದ್ಧಾಂತ ಇಲ್ಲಿ ಹೊಂದುತ್ತದೆ. ಪೂರ್ತಿಯಾಗಿ ತೊಡಗುವ ಮುಂಚೆ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡುವ ಅವಕಾಶವಿದ್ದರೆ ಜನ ಹೊಸದನ್ನು ಬೇಗ ಒಪ್ಪುತ್ತಾರೆ ಎಂಬುದು ಅದರ ಒಂದು ಮಾತು. ಎರಡನೇ ಹೆಜ್ಜೆಯಲ್ಲಿ ಆ ಮಾತನ್ನು ಊರಿಗೆ ಇಳಿಸಬೇಕು: ‘ಸ್ವಂತ ಪವರ್‌ಲೂಮ್ ಹಾಕುವ ಮೊದಲು ಬೇರೆಯವರ ಪವರ್‌ಲೂಮಿನಲ್ಲಿ ಕೂಲಿಗೆ ನೇಯ್ದವರಿದ್ದ ಮನೆಗಳು ಉಳಿದ ಮನೆಗಳಿಗಿಂತ ಹೆಚ್ಚಾಗಿ ಮಗ್ಗ ಬದಲಿಸಿವೆ.’ ಇದು ಪ್ರಾಕ್ಕಲ್ಪನೆ. ಮೂರನೆಯದಾಗಿ, ಇದನ್ನು ಅಳೆಯುವ ಪ್ರಶ್ನೆಗಳನ್ನು ಬರೆಯಬೇಕು. ಕೂಲಿಗೆ ಹೋದದ್ದು ಯಾವ ವರ್ಷ, ಸ್ವಂತ ಪವರ್‌ಲೂಮ್ ಬಂದದ್ದು ಯಾವ ವರ್ಷ ಎಂದು ಎರಡನ್ನೂ ಕೇಳದಿದ್ದರೆ ಯಾವುದು ಮೊದಲು, ಯಾವುದು ನಂತರ ಎಂಬುದೇ ತಿಳಿಯದು. ಕೇಳಿದರೂ ಒಂದು ತೊಡಕು ಉಳಿಯುತ್ತದೆ: ಪವರ್‌ಲೂಮ್ ಹಾಕಲು ಮೊದಲೇ ನಿಶ್ಚಯಿಸಿದವನು ಕಲಿಯುವುದಕ್ಕೆಂದೇ ಕೂಲಿಗೆ ಹೋಗಿರಬಹುದು. ಹಾಗಾಗಿ ಹೋದ ಕಾರಣವನ್ನೂ ಕೇಳುವುದು ಒಳ್ಳೆಯದು.

ಇಂಥ ಅಧ್ಯಯನದಲ್ಲಿ ಸಿದ್ಧಾಂತ ಆರಂಭದಲ್ಲೇ, ಸಾಮಾನ್ಯವಾಗಿ ಎರಡನೇ ಅಧ್ಯಾಯದಲ್ಲಿ, ಪ್ರಾಕ್ಕಲ್ಪನೆಗಿಂತ ಮೊದಲು ಬರುತ್ತದೆ. ಕೊನೆಯ ಅಧ್ಯಾಯದಲ್ಲಿ ಅದು ನಿಂತಿತೇ ಬಿದ್ದಿತೇ ಎಂದು ಹೇಳಲು ಮತ್ತೆ ಬರುತ್ತದೆ. ಎರಡನೇ ಅಧ್ಯಾಯದಲ್ಲಿ ಹತ್ತು ಪುಟ ತುಂಬಿದ ರೋಜರ್ಸ್ ಫಲಿತಾಂಶಗಳ ಚರ್ಚೆಯಲ್ಲಿ ಒಮ್ಮೆಯೂ ಕಾಣಿಸದಿದ್ದರೆ, ಸಿದ್ಧಾಂತವನ್ನು ಶೋಭೆಗೆ ಇಟ್ಟಿದ್ದಾರೆ ಎಂದೇ ತಿಳಿಯಬೇಕು. ಪ್ರಶ್ನಾವಳಿಯ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಸಿದ್ಧಾಂತದ ಯಾವ ಮಾತಿಗೆ ಸೇರಿದ್ದೆಂದು ಬರೆದುಕೊಂಡರೆ ಈ ದೋಷ ಮುಂಚೆಯೇ ಸಿಕ್ಕಿಬೀಳುತ್ತದೆ.

ಅನುಗಮನದ ಕೆಲಸ ಇದಕ್ಕಿಂತ ನಿಧಾನದ್ದು, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಶಿಸ್ತು ಬೇಡುವಂಥದ್ದು. ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಇದರ ಒಂದು ಕ್ರಮವನ್ನು ಬರೆದಿಟ್ಟರು. ಸಾವಿನ ಅಂಚಿನಲ್ಲಿದ್ದ ರೋಗಿಗಳಿದ್ದ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಿಂದ ಅದು ಹುಟ್ಟಿತ್ತು. ಇಲ್ಲಿ ನೇಕಾರರನ್ನು ‘ಮಗ್ಗ ಬದಲಿಸಿದ್ದು ಹೆಂಗಾತು ಹೇಳ್ರಿ’ ಎಂದು ಕೇಳಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಒಬ್ಬರು, ‘ಮಗಳು ಲಗ್ನ ಆಗಿ ಹ್ವಾದ್ಲ್ರಿ, ಮನ್ಯಾಗ ಕೊಂಡಿ ಹಾಕಾವ್ರು ಯಾರೂ ಉಳೀಲಿಲ್ಲ’ ಎಂದರೆನ್ನಿ. ಸೀರೆಯ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಜೋಡಿಸುವ ಕೆಲಸವೇ ಕೊಂಡಿ. ಆ ಸಾಲಿನ ಅಂಚಿನಲ್ಲಿ ‘ಮನೆಯಲ್ಲಿ ಕೈ ಕಡಿಮೆಯಾಗುವುದು’ ಎಂಬ ಸಂಕೇತ ಬರೆಯಬಹುದು. ಮುಂದಿನ ಸಂದರ್ಶನದಲ್ಲಿ ಹೆಂಡತಿಯ ಕಣ್ಣು ಮಂಜಾದ ಮಾತು ಬಂದರೆ ಅದೂ ಇದರಡಿ ಸೇರುತ್ತದೆ. ಇಂಥವು ಕೂಡುತ್ತಾ ಹೋದಂತೆ ‘ಮನೆಮಂದಿಯ ಕೂಡುದುಡಿಮೆ ಸಡಿಲವಾದಾಗ ಕೈಮಗ್ಗ ನಿಲ್ಲುತ್ತದೆ’ ಎಂಬ ವಿವರಣೆ ರೂಪುಗೊಳ್ಳುತ್ತದೆ.

ಇಲ್ಲಿಗೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಕೈ ಕಡಿಮೆಯಾಗಿದ್ದರೂ ಕೈಮಗ್ಗವನ್ನೇ ನಡೆಸುತ್ತಿರುವ ಮನೆಯನ್ನು ಹುಡುಕಿಕೊಂಡು ಹೋಗಬೇಕು. ಅವರು ಕೊಂಡಿಯ ಕೆಲಸವನ್ನು ನೆರೆಮನೆಯವರಿಗೆ ಕೂಲಿಗೆ ಕೊಡುತ್ತಿದ್ದರೆ ವಿವರಣೆ ಬದಲಾಗುತ್ತದೆ: ಕೈ ಕಡಿಮೆಯಾದದ್ದಷ್ಟೇ ಕಾರಣವಲ್ಲ, ಅದನ್ನು ಹೊರಗಿನಿಂದ ತುಂಬಿಕೊಳ್ಳಲಾಗದ್ದೂ ಕಾರಣ. ಹೊಸ ಸಂದರ್ಶನಗಳು ವಿವರಣೆಗೆ ಹೊಸದೇನನ್ನೂ ಸೇರಿಸದಿದ್ದಾಗ ಕೇಳುವುದನ್ನು ನಿಲ್ಲಿಸಬಹುದು.

ಹೀಗೆ ಸಿಕ್ಕ ಸಿದ್ಧಾಂತದ ಜಾಗ ಫಲಿತಾಂಶಗಳ ಕೊನೆ. ರೋಜರ್ಸ್ ಇಲ್ಲೂ ಬರಬಹುದು, ಆದರೆ ಕೊನೆಯ ಚರ್ಚೆಯಲ್ಲಿ, ಹೋಲಿಕೆಗಾಗಿ. ಅವರ ಸಿದ್ಧಾಂತ ಹೊಸದನ್ನು ಒಪ್ಪುವವನ ಕಡೆಯಿಂದ ನೋಡಿದರೆ, ಈ ವಿವರಣೆ ಹಳೆಯದನ್ನು ನಡೆಸಲಾಗದವನ ಕಡೆಯಿಂದ ನೋಡುತ್ತದೆ ಎಂದು ಅಲ್ಲಿ ಬರೆಯಬಹುದು. ಓದದೇ ಊರಿಗೆ ಹೋಗಬೇಕೆಂದು ಇದರರ್ಥವಲ್ಲ. ಹಿಂದಿನ ಅಧ್ಯಯನಗಳ ಸಮೀಕ್ಷೆ ಆರಂಭದಲ್ಲಿ ಇರಲೇಬೇಕು. ಆದರೆ ಸಂದರ್ಶನದ ಅಂಚಿನಲ್ಲಿ ಬರೆದ ಸಂಕೇತಗಳೆಲ್ಲ ರೋಜರ್ಸ್ ಬಳಸಿದ ಪದಗಳೇ ಆಗಿದ್ದರೆ, ಹೆಸರು ಅನುಗಮನವಾದರೂ ನಡೆದದ್ದು ನಿಗಮನವೇ.

ಸಾರಲೇಖದ ನಮೂನೆಯಲ್ಲಿ ‘ಪ್ರಾಕ್ಕಲ್ಪನೆ’ ಎಂಬ ಕಲಮು ಇದ್ದರೆ ಅನುಗಮನದ ಸಂಶೋಧಕರು ಅಲ್ಲಿ ಏನನ್ನಾದರೂ ಹೊಂದಿಸಿ ಬರೆಯಬೇಕಾಗಿಲ್ಲ. ‘ಈ ಅಧ್ಯಯನಕ್ಕೆ ಪೂರ್ವನಿಶ್ಚಿತ ಪ್ರಾಕ್ಕಲ್ಪನೆ ಇಲ್ಲ’ ಎಂದು ಬರೆದು, ಅದರ ಕೆಳಗೆ ಸಂಶೋಧನಾ ಪ್ರಶ್ನೆಗಳನ್ನು ಕೊಟ್ಟರೆ ಸಾಕು.