ಕ್ರಾಪ್ ಫ್ಯಾಕ್ಟರ್‌ನಿಂದ ಎಫ್ ಸಂಖ್ಯೆಯನ್ನೂ ಗುಣಿಸಿ

ಸಣ್ಣ ಸೆನ್ಸರ್ ಕ್ಯಾಮೆರಾವನ್ನು ಫುಲ್ ಫ್ರೇಮ್ ಜೊತೆ ಹೋಲಿಸುವಾಗ ಕ್ರಾಪ್ ಫ್ಯಾಕ್ಟರ್‌ನಿಂದ ಫೋಕಲ್ ಲೆಂತ್ ಮಾತ್ರವಲ್ಲ, f ಸಂಖ್ಯೆಯನ್ನೂ ಗುಣಿಸಿ. ಲೆನ್ಸ್ ಜಾಹೀರಾತುಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ಜಾಣತನದಿಂದ ನುಂಗಿಬಿಡುತ್ತವೆ. 1.5 ಕ್ರಾಪ್‌ನ ಕ್ಯಾಮೆರಾದಲ್ಲಿ 35 ಮಿಮೀ f/1.8 ಲೆನ್ಸ್ ಹಾಕಿದರೆ, ಹಿನ್ನೆಲೆ ಮಸುಕಾಗುವುದು ಫುಲ್ ಫ್ರೇಮ್‌ನ 52 ಮಿಮೀ f/2.7 ಲೆನ್ಸಿನಷ್ಟೇ. ಕಾರಣ ಸರಳ: ಒಂದೇ ಜಾಗದಲ್ಲಿ ನಿಂತು ಒಂದೇ ಚೌಕಟ್ಟು ತೆಗೆದಾಗ ಮಸುಕನ್ನು ನಿರ್ಧರಿಸುವುದು ಅಪರ್ಚರ್‌ನ ನಿಜವಾದ ವ್ಯಾಸ, 35 ಅನ್ನು 1.8ರಿಂದ, 52 ಅನ್ನು 2.7ರಿಂದ ಭಾಗಿಸಿ ನೋಡಿ, ಎರಡರಲ್ಲೂ ಸುಮಾರು 19 ಮಿಮೀ ಬರುತ್ತದೆ. ಫುಲ್ ಫ್ರೇಮ್‌ನ 50 ಮಿಮೀ f/1.8 ಕೊಡುವ ಮಸುಕೇ ಬೇಕೆಂದರೆ ಸಣ್ಣ ಸೆನ್ಸರಿಗೆ 33 ಮಿಮೀ f/1.2 ಬೇಕು. ಅಂಥ ಲೆನ್ಸಿನ ಬೆಲೆ ನೋಡಿದ ಮೇಲೆ ಬಾಡಿಯಲ್ಲಿ ಉಳಿಸಿದ ಹಣದ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಆದರೆ ಈ ಗುಣಾಕಾರವನ್ನು ಎಕ್ಸ್‌ಪೋಶರ್‌ಗೆ ಅನ್ವಯಿಸಬೇಡಿ, ಅಲ್ಲಿ f/1.8 ಎಂದರೆ f/1.8, ಶಟರ್ ವೇಗ ಬದಲಾಗುವುದಿಲ್ಲ. ಒಂದೇ ಲೆನ್ಸನ್ನು ಎರಡು ಬಾಡಿಗಳಿಗೂ ಹಾಕಿ ನಿಂತಲ್ಲಿಂದಲೇ ತೆಗೆದರೂ ಈ ಲೆಕ್ಕ ಹೊಂದುವುದಿಲ್ಲ. ಆಗ ಚೌಕಟ್ಟೇ ಬೇರೆಯಾಗುತ್ತದೆ, ಒಂದೇ ಅಳತೆಗೆ ಮುದ್ರಿಸಿದರೆ ಸಣ್ಣ ಸೆನ್ಸರಿನ ಚಿತ್ರದಲ್ಲೇ ಫೋಕಸ್ ಆಳ ಕಡಿಮೆ ಕಾಣುತ್ತದೆ.